ಗ್ರಹಣದ ಲೆಕ್ಕ, ಮಳೆಯ ಲೆಕ್ಕ

2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಮಡಿಕೇರಿಗಳ ಮೇಲೆ ಕಂಕಣ ಸೂರ್ಯಗ್ರಹಣ ಹಾದುಹೋಯಿತು. ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಎಷ್ಟು ಹೊತ್ತಿಗೆ ಬಿಡುತ್ತದೆ, ಉಂಗುರ ಯಾವ ಊರಿಗೆ ಕಾಣುತ್ತದೆ, ಯಾವ ಊರಿಗೆ ಕಾಣುವುದಿಲ್ಲ ಎಂಬುದೆಲ್ಲ ದಶಕಗಳ ಮೊದಲೇ ಲೆಕ್ಕವಾಗಿತ್ತು. ಅದೇ ಬೆಳಿಗ್ಗೆ ಅದೇ ಊರುಗಳ ಮೇಲೆ ಮೋಡ ಇರುತ್ತದೆಯೇ ಎಂದು ನವೆಂಬರಿನಲ್ಲಿ ಯಾರಾದರೂ ಕೇಳಿದ್ದರೆ, ಜಗತ್ತಿನ ಯಾವ ಹವಾಮಾನ ಕೇಂದ್ರವೂ ಖಚಿತವಾಗಿ ಹೇಳಲಾರದಾಗಿತ್ತು. ಚಂದ್ರನ ನೆರಳು ಬೀಳುವ ಜಾಗ ಗೊತ್ತು, ಆ ಚಂದ್ರನಿಗಿಂತ ಎಷ್ಟೋ ಕೆಳಗಿರುವ ಮೋಡ ಗೊತ್ತಿಲ್ಲ. ಇದನ್ನು ಕಂಡವರು ಸಹಜವಾಗಿಯೇ ಕೇಳುವ ಪ್ರಶ್ನೆಯೊಂದಿದೆ: ಗ್ರಹಣವನ್ನು ನಿಮಿಷಕ್ಕೆ ಸರಿಯಾಗಿ ಹೇಳಬಲ್ಲ ವಿಜ್ಞಾನ ಮುಂದಿನ ತಿಂಗಳ ಮಳೆಯನ್ನು ಏಕೆ ಹೇಳಲಾರದು? ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಕೂತಿದೆ. ಮಳೆಯ ಲೆಕ್ಕ ಗ್ರಹಣದ ಲೆಕ್ಕದಂಥದ್ದೇ, ಇನ್ನೂ ಅರೆಬರೆಯಾಗಿದೆ ಅಷ್ಟೆ, ಕಂಪ್ಯೂಟರುಗಳು ದೊಡ್ಡವಾದಂತೆ ತಿಂಗಳ ಮುಂಚಿನ ಮಳೆಯೂ ಕೈಗೆ ಸಿಗುತ್ತದೆ ಎಂಬ ನಂಬಿಕೆ ಅದು. ಅದು ತಪ್ಪು ಎಂಬುದೇ ನನ್ನ ವಾದ. ಆದರೆ ಅದು ದಡ್ಡತನದ ತಪ್ಪಲ್ಲ. ಒಂದು ಕಾಲಕ್ಕೆ ಬಹಳ ದೊಡ್ಡ ವಿಜ್ಞಾನಿಗಳೂ ಹಾಗೆಯೇ ಎಣಿಸಿದ್ದರು.

ಮೊದಲು ಆ ನಂಬಿಕೆಯನ್ನು ಅದರ ಅತ್ಯಂತ ಗಟ್ಟಿಯಾದ ರೂಪದಲ್ಲಿ ಮುಂದಿಡಬೇಕು. ಅದರ ತರ್ಕ ಮೂರು ಹೆಜ್ಜೆಯದು.

1. ಗಾಳಿ, ಒತ್ತಡ, ಶಾಖ, ತೇವ ಇವೆಲ್ಲ ಭೌತಶಾಸ್ತ್ರದ ನಿಯಮಗಳಿಗೆ ಒಳಪಟ್ಟಿವೆ. ಚಂದ್ರನನ್ನು ನಡೆಸುವ ನ್ಯೂಟನ್ನನ ನಿಯಮವೇ ಗಾಳಿಯನ್ನೂ ನಡೆಸುತ್ತದೆ.

2. ಈ ಕ್ಷಣದ ಸ್ಥಿತಿ ಮತ್ತು ನಿಯಮಗಳು ಗೊತ್ತಿದ್ದರೆ ಮುಂದಿನ ಕ್ಷಣದ ಸ್ಥಿತಿಯನ್ನು ಲೆಕ್ಕ ಹಾಕಬಹುದು. ಅದರಿಂದ ಅದರ ಮುಂದಿನದನ್ನು, ಹೀಗೆಯೇ ಎಷ್ಟು ದೂರ ಬೇಕಾದರೂ.

3. ಆದ್ದರಿಂದ ಮುನ್ಸೂಚನೆ ತಪ್ಪಿದರೆ ಅಳತೆ ಸಾಲದು ಇಲ್ಲವೇ ಲೆಕ್ಕ ಸಾಲದು. ಎರಡನ್ನೂ ಹೆಚ್ಚಿಸುತ್ತ ಹೋದರೆ ಅವಧಿಯೂ ಹೆಚ್ಚುತ್ತ ಹೋಗುತ್ತದೆ.

ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್‌ನೆಸ್ 1904ರಲ್ಲಿ ಹವಾಮಾನ ಮುನ್ಸೂಚನೆಯ ಸಮಸ್ಯೆಯನ್ನು ಮುಂದಿಟ್ಟದ್ದು ಹೆಚ್ಚುಕಡಿಮೆ ಹೀಗೆಯೇ: ವಾತಾವರಣದ ಇಂದಿನ ಸ್ಥಿತಿ ಸಾಕಷ್ಟು ನಿಖರವಾಗಿ ಗೊತ್ತಿರಬೇಕು, ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿ ಹುಟ್ಟುವ ನಿಯಮಗಳು ಸಾಕಷ್ಟು ನಿಖರವಾಗಿ ಗೊತ್ತಿರಬೇಕು. ಇಂದಿನ ಬಹುಪಾಲು ಮುನ್ಸೂಚನೆಗಳು ಈ ಅಡಿಪಾಯದ ಮೇಲೆಯೇ ನಿಂತಿವೆ. ಮೇಲಿನ ಮೂರರಲ್ಲಿ ಮೊದಲ ಎರಡು ಹೆಜ್ಜೆಗಳ ಬಗ್ಗೆ ನನಗೆ ತಕರಾರಿಲ್ಲ. ಎಡವಟ್ಟು ಇರುವುದು ಮೂರನೆಯದರಲ್ಲಿ. ಅದನ್ನು ತೋರಿಸಬೇಕಾದರೆ ಮುನ್ಸೂಚನೆಯ ಲೆಕ್ಕ ನಿಜಕ್ಕೂ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಕಂಪ್ಯೂಟರಿನೊಳಗೆ ಇಡೀ ಭೂಮಿಯ ವಾತಾವರಣವನ್ನು ಚೌಕಗಳಾಗಿ ಕತ್ತರಿಸುತ್ತಾರೆ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಮಾದರಿಯಲ್ಲಿ ಒಂದು ಚೌಕ ಸುಮಾರು 9 ಕಿಲೋಮೀಟರ್ ಅಗಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಅದು 6 ಕಿಲೋಮೀಟರ್. ಅದಕ್ಕೂ ಮೊದಲು ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಜಾಗತಿಕ ಮಾದರಿಯದು 12 ಕಿಲೋಮೀಟರ್. ಪ್ರತಿ ಚೌಕದ ಮೇಲೂ ನೆಲದಿಂದ ಆಕಾಶದವರೆಗೆ ಹತ್ತಾರು ಪದರಗಳು. ಪ್ರತಿ ಪದರದ ಪ್ರತಿ ಕೋಣೆಗೂ ಗಾಳಿಯ ವೇಗ, ದಿಕ್ಕು, ತಾಪಮಾನ, ಒತ್ತಡ, ತೇವಾಂಶ ಎಂದು ಕೆಲವು ಸಂಖ್ಯೆಗಳು. ಈ ಸಂಖ್ಯೆಗಳಿಂದ ಕೆಲವೇ ನಿಮಿಷಗಳ ಮುಂದಿನ ಸಂಖ್ಯೆಗಳನ್ನು ಸಮೀಕರಣಗಳ ಮೂಲಕ ಪಡೆಯುತ್ತಾರೆ, ಅವುಗಳಿಂದ ಇನ್ನೂ ಕೆಲವು ನಿಮಿಷ ಮುಂದಿನದನ್ನು. ಒಂದು ಹೆಜ್ಜೆಗೆ 5 ನಿಮಿಷ ಎಂದಿಟ್ಟುಕೊಂಡರೆ ಹತ್ತು ದಿನದ ಮುನ್ಸೂಚನೆಗೆ 2880 ಹೆಜ್ಜೆಗಳಾದವು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹತ್ತನೇ ದಿನದ ಮಳೆಗೆ ಬೇರೊಂದು ಸೂತ್ರ ಇಲ್ಲ. 2879ನೇ ಹೆಜ್ಜೆಯಲ್ಲಿ ಏನಿತ್ತೋ ಅದರಿಂದಲೇ 2880ನೆಯದು ಹುಟ್ಟಬೇಕು, ಅದರಲ್ಲಿದ್ದ ತಪ್ಪನ್ನೂ ಹೊತ್ತುಕೊಂಡೇ ಹುಟ್ಟಬೇಕು.

ಹಾಗಾದರೆ ಮೊದಲ ಹೆಜ್ಜೆಯ ಸಂಖ್ಯೆಗಳು ಎಲ್ಲಿಂದ ಬರುತ್ತವೆ? ಅವು ಅಳತೆಯಿಂದ ನೇರವಾಗಿ ಬರುತ್ತವೆ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಹಾಗಲ್ಲ. ನಮ್ಮ ಸಮಯದ ಬೆಳಿಗ್ಗೆ ಐದೂವರೆ ಮತ್ತು ಸಂಜೆ ಐದೂವರೆಯ ಲೆಕ್ಕಕ್ಕೆ ಜಗತ್ತಿನಾದ್ಯಂತ ಹವಾಮಾನ ಬಲೂನುಗಳು ಏರುತ್ತವೆ, ವಿಮಾನ, ಹಡಗು, ತೇಲುಬುರುಡೆ, ರಾಡಾರ್‌ಗಳಿಂದ ಮಾಹಿತಿ ಬರುತ್ತದೆ, ಉಪಗ್ರಹಗಳು ಕೆಳಗಿನಿಂದ ಹೊಮ್ಮುವ ವಿಕಿರಣವನ್ನು ಅಳೆದು ಕಳಿಸುತ್ತವೆ. ಇಷ್ಟಾದರೂ ತುಂಬಬೇಕಾದ ಕೋಣೆಗಳ ಸಂಖ್ಯೆಗೆ ಈ ಅಳತೆಗಳು ಸಾಲುವುದಿಲ್ಲ. ನಮ್ಮ ಕರಾವಳಿಗೆ ಮಳೆ ತರುವ ಅರಬ್ಬೀ ಸಮುದ್ರದ ಮೇಲೆ ದಿನವೂ ಬಲೂನು ಹಾರಿಸುವ ಠಾಣೆಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದಕ್ಕಾಗಿ ಕೆಲವು ಗಂಟೆಗಳ ಹಿಂದೆ ಮಾದರಿಯೇ ಈ ಹೊತ್ತಿಗೆ ಹೇಳಿದ್ದ ಮುನ್ಸೂಚನೆಯನ್ನು ಮೊದಲ ಅಂದಾಜಾಗಿ ಇಟ್ಟುಕೊಂಡು, ಬಂದ ಅಳತೆಗಳಿಂದ ಅದನ್ನು ತಿದ್ದುತ್ತಾರೆ. ಒಂದೇ ಕೋಣೆಯ ಲೆಕ್ಕ ಮಾಡಿ ನೋಡೋಣ. ಮಾದರಿಯ ಅಂದಾಜು 26 ಡಿಗ್ರಿ, ಅದರಲ್ಲಿ ಸಾಮಾನ್ಯವಾಗಿ ಇರುವ ತಪ್ಪು 1 ಡಿಗ್ರಿ. ಬಲೂನಿನ ಅಳತೆ 28 ಡಿಗ್ರಿ, ಅದರ ತಪ್ಪು ಅರ್ಧ ಡಿಗ್ರಿ. ತಪ್ಪಿನ ವರ್ಗಕ್ಕೆ ವಿಲೋಮವಾಗಿ ತೂಕ ಕೊಟ್ಟರೆ ಮಾದರಿಗೆ 1, ಬಲೂನಿಗೆ 4. ಆಗ ಬರುವ ಉತ್ತರ 27.6 ಡಿಗ್ರಿ, ಅದರಲ್ಲಿ ಉಳಿಯುವ ತಪ್ಪು ಸುಮಾರು 0.45 ಡಿಗ್ರಿ. ಎರಡೂ ಮೂಲಗಳಿಗಿಂತ ಇದು ಒಳ್ಳೆಯದು, ನಿಜ. ಆದರೆ ಸೊನ್ನೆಯಲ್ಲ. ಎಷ್ಟು ಉಪಗ್ರಹ ಸೇರಿಸಿದರೂ ಸೊನ್ನೆಯಾಗುವುದಿಲ್ಲ. ಮುನ್ಸೂಚನೆ ಹೊರಡುವುದೇ ಒಂದು ಸಣ್ಣ ತಪ್ಪನ್ನು ಕಟ್ಟಿಕೊಂಡು.

ಗ್ರಹಣದ ಲೆಕ್ಕವೂ ಸಣ್ಣ ತಪ್ಪಿನಿಂದಲೇ ಹೊರಡುತ್ತದಲ್ಲ ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪ ಸರಿಯಾಗಿಯೇ ಇದೆ. ಚಂದ್ರನ ಸ್ಥಾನವೂ ಸೊನ್ನೆ ತಪ್ಪಿನಲ್ಲಿ ನಮಗೆ ಗೊತ್ತಿಲ್ಲ. ವ್ಯತ್ಯಾಸ ಇರುವುದು ಆ ತಪ್ಪು ಬೆಳೆಯುವ ವೇಗದಲ್ಲಿ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಡ್ವರ್ಡ್ ಲೊರೆಂಜ್ ಹನ್ನೆರಡು ಸಮೀಕರಣಗಳ ಒಂದು ಪುಟ್ಟ ಕೃತಕ ವಾತಾವರಣವನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದರು. ಒಂದು ಲೆಕ್ಕವನ್ನು ಮತ್ತೆ ನೋಡಬೇಕೆನಿಸಿ, ಹಿಂದೆ ಮುದ್ರಿಸಿದ್ದ ಹಾಳೆಯಿಂದ ನಡುವಿನ ಸಂಖ್ಯೆಗಳನ್ನು ತೆಗೆದುಕೊಂಡು ಅಲ್ಲಿಂದ ಮುಂದೆ ಓಡಿಸಿದರು. ಯಂತ್ರದೊಳಗೆ ಇದ್ದದ್ದು 0.506127, ಹಾಳೆಯಲ್ಲಿ ಅಚ್ಚಾದದ್ದು 0.506. ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ವ್ಯತ್ಯಾಸ. ಆ ಕೃತಕ ಜಗತ್ತಿನ ಸುಮಾರು ನಾಲ್ಕು ದಿನಕ್ಕೊಮ್ಮೆ ವ್ಯತ್ಯಾಸ ಇಮ್ಮಡಿಯಾಗುತ್ತ ಹೋಗಿ, ಎರಡನೇ ತಿಂಗಳ ಹೊತ್ತಿಗೆ ಎರಡು ಲೆಕ್ಕಗಳಿಗೂ ಯಾವ ಹೋಲಿಕೆಯೂ ಉಳಿದಿರಲಿಲ್ಲ. ಸಮೀಕರಣಗಳು ಅವೇ, ಯಂತ್ರ ಅದೇ. ನಿಯಮ ಸಂಪೂರ್ಣವಾಗಿ ಗೊತ್ತಿದ್ದಾಗಲೂ, ಆರಂಭದ ಒಂದು ತೃಣದಷ್ಟು ಅರಿವಿನ ಕೊರತೆ ಮುಂದಿನದನ್ನೆಲ್ಲ ನುಂಗಬಲ್ಲದು ಎಂಬುದು ಅಲ್ಲಿ ಬಯಲಾಯಿತು.

ನಿಜವಾದ ವಾತಾವರಣದಲ್ಲಿ ದೊಡ್ಡ ವ್ಯವಸ್ಥೆಗಳ, ಅಂದರೆ ನೂರಾರು ಸಾವಿರಾರು ಕಿಲೋಮೀಟರ್ ಹರಡಿದ ವಾಯುಭಾರ ಕುಸಿತದಂಥವುಗಳ ಲೆಕ್ಕದಲ್ಲಿ ತಪ್ಪು ಇಮ್ಮಡಿಯಾಗಲು ಸುಮಾರು ಎರಡು ದಿನ ಸಾಕು. ನಮ್ಮ 0.45 ಡಿಗ್ರಿಯನ್ನೇ ತೆಗೆದುಕೊಳ್ಳಿ. ಎರಡನೇ ದಿನಕ್ಕೆ ಅದು 0.9, ನಾಲ್ಕನೇ ದಿನಕ್ಕೆ 1.8, ಆರನೇ ದಿನಕ್ಕೆ 3.6. ಒಂದು ಪ್ರದೇಶದ ತಾಪಮಾನ ಆ ಋತುವಿನ ಸರಾಸರಿಯಿಂದ ಮೂರು-ನಾಲ್ಕು ಡಿಗ್ರಿ ಆಚೀಚೆ ಆಗುವುದು ವಾಡಿಕೆ ಎಂದಾದರೆ, ಒಂದು ವಾರದ ಹೊತ್ತಿಗೆ ಮುನ್ಸೂಚನೆಯ ತಪ್ಪೇ ಅಷ್ಟಾಗಿರುತ್ತದೆ. ಅಲ್ಲಿಂದಾಚೆಗೆ ಕಂಪ್ಯೂಟರ್ ಕೊಡುವ ಸಂಖ್ಯೆಗೂ, ಹಳೆಯ ದಾಖಲೆಯಿಂದ ಕಣ್ಣುಮುಚ್ಚಿ ಎತ್ತಿಕೊಂಡ ಯಾವುದೋ ವರ್ಷದ ಅದೇ ದಿನಾಂಕದ ಸಂಖ್ಯೆಗೂ ಹೆಚ್ಚು ವ್ಯತ್ಯಾಸವಿಲ್ಲ. ವಾರ ಎಂಬ ಗಡಿ ಎಲ್ಲಿಂದ ಬಂತು ಎಂಬುದಕ್ಕೆ ಇದು ಒರಟು ಲೆಕ್ಕ, ಆದರೆ ತಿರುಳು ಇದೇ. ಸೌರವ್ಯೂಹಕ್ಕೂ ಈ ರೋಗ ತಪ್ಪಿದ್ದಲ್ಲ. ಫ್ರಾನ್ಸಿನ ಜಾಕ್ ಲಾಸ್ಕರ್ 1989ರಲ್ಲಿ ತೋರಿಸಿದಂತೆ, ಭೂಮಿಯ ಇಂದಿನ ಸ್ಥಾನದಲ್ಲಿ 15 ಮೀಟರ್ ತಪ್ಪಿದ್ದರೆ ಹತ್ತು ಕೋಟಿ ವರ್ಷಗಳ ನಂತರ ಭೂಮಿ ತನ್ನ ಕಕ್ಷೆಯಲ್ಲಿ ಎಲ್ಲಿರುತ್ತದೆ ಎಂದು ಹೇಳುವಂತಿಲ್ಲ. ಅಲ್ಲಿ ತಪ್ಪು ಇಮ್ಮಡಿಯಾಗಲು ಹತ್ತಾರು ಲಕ್ಷ ವರ್ಷ ಬೇಕು, ಇಲ್ಲಿ ಎರಡು ದಿನ. ನೂರು ವರ್ಷದ ಗ್ರಹಣದ ಲೆಕ್ಕ ತನ್ನ ಗಡಿಯ ಹತ್ತಿರಕ್ಕೂ ಹೋಗಿಲ್ಲ. ಹತ್ತು ದಿನದ ಮಳೆಯ ಲೆಕ್ಕ ಆಗಲೇ ಗಡಿ ದಾಟಿದೆ. ಎರಡೂ ಒಂದೇ ಜಾತಿಯ ಲೆಕ್ಕ ಎಂಬ ಮಾತು ಅಷ್ಟರಮಟ್ಟಿಗೆ ನಿಜ. ಅದರಿಂದ ಜನ ತೆಗೆಯುವ ತೀರ್ಮಾನ ಮಾತ್ರ ತಪ್ಪು.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ತಪ್ಪು ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುವುದಾದರೆ, ಆರಂಭದ ತಪ್ಪನ್ನು ಅರ್ಧಕ್ಕೆ ಇಳಿಸಿದಾಗಲೆಲ್ಲ ಎರಡು ದಿನ ಹೆಚ್ಚು ಸಿಗಬೇಕಲ್ಲವೇ? ಹತ್ತು ಸಲ ಅರ್ಧ ಮಾಡಿದರೆ ಇಪ್ಪತ್ತು ದಿನ. ಕಷ್ಟ ಇರಬಹುದು, ಅಸಾಧ್ಯ ಹೇಗಾಗುತ್ತದೆ? ಅನುಭವವೂ ಈ ಮಾತಿಗೆ ಒತ್ತಾಸೆಯಾಗಿದೆ. ಕಳೆದ ನಾಲ್ಕು ದಶಕಗಳಲ್ಲಿ ಮುನ್ಸೂಚನೆಯ ಉಪಯುಕ್ತ ಅವಧಿ ದಶಕಕ್ಕೆ ಸುಮಾರು ಒಂದು ದಿನದಂತೆ ಹೆಚ್ಚಿದೆ. ಇಂದಿನ ಆರನೇ ದಿನದ ಮುನ್ಸೂಚನೆ ಹತ್ತು ವರ್ಷದ ಹಿಂದಿನ ಐದನೇ ದಿನದಷ್ಟು ಒಳ್ಳೆಯದು. ಹೀಗೆಯೇ ಮುಂದುವರಿದರೆ ತಿಂಗಳನ್ನೂ ಮುಟ್ಟಬಹುದಲ್ಲ?

ಇದಕ್ಕೆ ಉತ್ತರ ಲೊರೆಂಜರೇ 1969ರಲ್ಲಿ ಬರೆದ ಒಂದು ಲೇಖನದಲ್ಲಿದೆ. ಚಿಟ್ಟೆಯ ರೆಕ್ಕೆಯ ಮಾತು ಮನೆಮಾತಾಯಿತು, ಅದಕ್ಕಿಂತ ಮುಖ್ಯವಾದ ಈ ಲೇಖನ ಆಗಲಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಅದರ ತಿರುಳು ಇಷ್ಟು. ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುವುದು ದೊಡ್ಡ ವ್ಯವಸ್ಥೆಗಳಲ್ಲಿರುವ ತಪ್ಪು ಮಾತ್ರ. ವಾತಾವರಣದಲ್ಲಿ ಎಲ್ಲ ಗಾತ್ರದ ಸುಳಿಗಳೂ ಇವೆ. ಸಾವಿರ ಕಿಲೋಮೀಟರಿನ ವಾಯುಭಾರ ಕುಸಿತ ದಿನಗಟ್ಟಲೆ ಬದುಕುತ್ತದೆ. ಹತ್ತು ಕಿಲೋಮೀಟರಿನ ಗುಡುಗುಮೋಡ ಒಂದೆರಡು ಗಂಟೆ ಬದುಕುತ್ತದೆ. ನೂರು ಮೀಟರಿನ ಬಿಸಿಗಾಳಿಯ ಬುಗ್ಗೆಗೆ ನಿಮಿಷಗಳ ಆಯುಸ್ಸು. ಯಾವ ಗಾತ್ರದ ಸುಳಿ ಎಷ್ಟು ಬೇಗ ಬದಲಾಗುತ್ತದೋ ಅಷ್ಟೇ ಬೇಗ ಅದರ ಲೆಕ್ಕದ ತಪ್ಪೂ ಬೆಳೆಯುತ್ತದೆ. ಬೆಳೆದು ಆ ಗಾತ್ರವನ್ನು ತುಂಬಿದ ಮೇಲೆ ಅಲ್ಲಿಗೆ ನಿಲ್ಲದೆ, ತನಗಿಂತ ದೊಡ್ಡ ಗಾತ್ರಕ್ಕೆ ಹತ್ತುತ್ತದೆ. ನಾವು ಅಳತೆಯ ಬಲೆಯನ್ನು ಸಣ್ಣದು ಮಾಡಿದಾಗ ಉಳಿಯುವ ತಪ್ಪು ಇನ್ನೂ ಸಣ್ಣ ಗಾತ್ರದ್ದು, ಆದ್ದರಿಂದ ಇನ್ನೂ ಬೇಗ ಬೆಳೆಯುವಂಥದ್ದು. ಪ್ರಕ್ಷುಬ್ಧ ಹರಿವಿನ ಪ್ರಸಿದ್ಧ ಸಿದ್ಧಾಂತವೊಂದರ ಪ್ರಕಾರ ಸುಳಿಯ ಗಾತ್ರ ಅರ್ಧವಾದರೆ ಅದರ ಆಯುಸ್ಸು ಸುಮಾರು ನೂರಕ್ಕೆ 63ರಷ್ಟಕ್ಕೆ ಇಳಿಯುತ್ತದೆ. ಈ ಲೆಕ್ಕ ಹಿಡಿದು ನೋಡಿ: ಬಲೆಯ ಕಣ್ಣನ್ನು ಮೊದಲ ಸಲ ಅರ್ಧ ಮಾಡಿದ್ದಕ್ಕೆ 24 ಗಂಟೆಯ ಹೆಚ್ಚುವರಿ ಅವಧಿ ಸಿಕ್ಕಿತು ಎಂದಿಟ್ಟುಕೊಂಡರೆ, ಎರಡನೇ ಸಲಕ್ಕೆ ಸಿಗುವುದು 15 ಗಂಟೆ, ಮೂರನೇ ಸಲಕ್ಕೆ ಒಂಬತ್ತೂವರೆ, ನಾಲ್ಕನೇ ಸಲಕ್ಕೆ ಆರು. ಕೊನೆಯೇ ಇಲ್ಲದಂತೆ ಅರ್ಧ ಮಾಡುತ್ತ ಹೋದರೂ ಇವೆಲ್ಲದರ ಮೊತ್ತ 65 ಗಂಟೆ ದಾಟುವುದಿಲ್ಲ. ಅತ್ತ ಖರ್ಚಿನ ಲೆಕ್ಕ ಉಲ್ಟಾ ದಿಕ್ಕಿನದು. ಚೌಕವನ್ನು ಉದ್ದಕ್ಕೂ ಅಗಲಕ್ಕೂ ಅರ್ಧ ಮಾಡಿದರೆ ಚೌಕಗಳು ನಾಲ್ಕರಷ್ಟು, ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ಒಟ್ಟು ಕೆಲಸ ಎಂಟರಷ್ಟು. ಪ್ರತಿ ಸಲವೂ ಎಂಟುಪಟ್ಟು ಕೊಟ್ಟು, ಹಿಂದಿನ ಸಲಕ್ಕಿಂತ ಕಡಿಮೆ ಪಡೆಯುವ ವ್ಯವಹಾರ ಇದು.

ದೊಡ್ಡ ಗಾತ್ರಗಳಲ್ಲಿ ನಿಜವಾದ ವಾತಾವರಣ ಈ ಸರಳ ನಿಯಮವನ್ನು ಹಾಗೆಯೇ ಪಾಲಿಸುವುದಿಲ್ಲ, ಆದ್ದರಿಂದ ಗಡಿ ನಿಖರವಾಗಿ ಎಷ್ಟನೇ ದಿನ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದ್ದೇ ಇದೆ. ಆದರೆ ಲೊರೆಂಜ್ ಅಂದು ಪಡೆದ ಉತ್ತರವೂ, ಇತ್ತೀಚಿನ ಸೂಕ್ಷ್ಮ ಮಾದರಿಗಳ ಪ್ರಯೋಗಗಳೂ ಎರಡು ವಾರದ ಆಸುಪಾಸಿನಲ್ಲೇ ಸೇರುತ್ತವೆ. ಅದು ಅಳತೆಯೂ ಮಾದರಿಯೂ ಹೆಚ್ಚುಕಡಿಮೆ ದೋಷವಿಲ್ಲದಂತಾದರೆ ಸಿಗುವ ಗಡಿ. ಇಂದು ನಮ್ಮ ಕೈಯಲ್ಲಿರುವ ಸುಮಾರು ಒಂದು ವಾರಕ್ಕೂ ಆ ಎರಡು ವಾರಕ್ಕೂ ನಡುವಿನ ಅಂತರ ಅಳತೆಯ ಕೊರತೆಯಿಂದ, ಮಾದರಿಯ ಕೊರತೆಯಿಂದ ಆದದ್ದು. ಅದನ್ನು ತುಂಬುವ ಕೆಲಸ ಬಾಕಿ ಇದೆ, ಅದಕ್ಕೆ ಹಣ ಸುರಿಯುವುದು ಸಾರ್ಥಕ. ದಶಕಕ್ಕೆ ಒಂದು ದಿನದ ಗಳಿಕೆ ಬಂದದ್ದು ಈ ಅಂತರದೊಳಗಿನಿಂದ. ಅದನ್ನೇ ನೇರ ಗೆರೆಯಾಗಿ ಎಳೆದು ತಿಂಗಳಿಗೆ ಮುಟ್ಟಿಸುವುದು ತರ್ಕವಲ್ಲ.

ಮಾದರಿಯ ಕೊರತೆ ಎಂದರೇನು ಎಂಬುದಕ್ಕೆ ನಮ್ಮ ಘಟ್ಟವೇ ಸಾಕ್ಷಿ. ಸೋಮೇಶ್ವರದ ತಪ್ಪಲಿನಿಂದ ಆಗುಂಬೆಯ ನೆತ್ತಿಗೆ ನೇರ ಗೆರೆಯಲ್ಲಿ ಕೆಲವೇ ಕಿಲೋಮೀಟರ್, ಅಷ್ಟರಲ್ಲಿ ನೆಲ ನೂರಾರು ಮೀಟರ್ ಏರುತ್ತದೆ. 12 ಕಿಲೋಮೀಟರಿನ ಚೌಕದಲ್ಲಿ ಈ ಗೋಡೆ ಒಂದು ಸರಾಸರಿ ಎತ್ತರವಾಗಿ ಕರಗಿಹೋಗುತ್ತದೆ. ಗಾಳಿ ಏರಬೇಕಾದಷ್ಟು ಏರುವುದಿಲ್ಲ, ಮಳೆ ಬೀಳಬೇಕಾದ ಕಡೆ ಬೀಳುವುದಿಲ್ಲ. ಚೌಕದೊಳಗೆ ಹಿಡಿಸುವಷ್ಟು ಸಣ್ಣದಾದ ಗುಡುಗುಮೋಡಗಳನ್ನಂತೂ ಅಲ್ಲಿ ನೇರವಾಗಿ ಲೆಕ್ಕ ಹಾಕದೆ, ಚೌಕದ ಸರಾಸರಿ ತೇವ ಮತ್ತು ಶಾಖದಿಂದ ಊಹಿಸುತ್ತಾರೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ನಗರದ ಕೊಲಾಬಾದಲ್ಲಿ ದಾಖಲಾದದ್ದು 73. ಇಂಥ ಮಳೆಗೆ ಒಂದು ವಾರದ ಗಡಿಯೂ ಇಲ್ಲ, ಕೆಲವು ಗಂಟೆಗಳ ಗಡಿ ಮಾತ್ರ. ಚಂಡಮಾರುತದ ಹಾದಿಯನ್ನು ನಾಲ್ಕೈದು ದಿನ ಮೊದಲೇ ಗುರುತಿಸುವ ವ್ಯವಸ್ಥೆಯೇ, ಏಪ್ರಿಲ್ ಸಂಜೆಯ ಆಲಿಕಲ್ಲು ಮಳೆ ಜಯನಗರಕ್ಕೋ ಯಲಹಂಕಕ್ಕೋ ಎಂದು ಬೆಳಿಗ್ಗೆ ಹೇಳಲಾರದೆ ಹೋಗುವುದರಲ್ಲಿ ವಿರೋಧಾಭಾಸವೇನೂ ಇಲ್ಲ. ಗಾತ್ರ ಬೇರೆ, ಆದ್ದರಿಂದ ಗಡಿಯೂ ಬೇರೆ.

ಎರಡನೇ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಎರಡು ವಾರದಾಚೆ ಏನೂ ಹೇಳಲಾಗದು ಎನ್ನುವುದಾದರೆ, ಹವಾಮಾನ ಇಲಾಖೆ ಪ್ರತಿ ಏಪ್ರಿಲಿನಲ್ಲಿ ಇಡೀ ಮುಂಗಾರಿನ ಮುನ್ಸೂಚನೆ ಕೊಡುವುದು ಹೇಗೆ? ಆ ಮುನ್ಸೂಚನೆ ಏನು ಹೇಳುತ್ತದೆ ಎಂಬುದನ್ನು ಓದಿದರೆ ಉತ್ತರ ಅಲ್ಲೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಒಟ್ಟು ಮಳೆ ದೀರ್ಘಾವಧಿ ಸರಾಸರಿಯಾದ 87 ಸೆಂಟಿಮೀಟರಿನ ಶೇಕಡಾ ಎಷ್ಟಿರಬಹುದು ಎಂಬುದಷ್ಟೇ ಅದರ ಮಾತು. ಯಾವ ದಿನ, ಯಾವ ತಾಲ್ಲೂಕು ಎಂಬುದು ಅದರಲ್ಲಿಲ್ಲ. 1981ರಲ್ಲಿ ಜೂಲ್ ಚಾರ್ನಿ ಮತ್ತು ಭಾರತೀಯ ಮೂಲದ ಜಗದೀಶ್ ಶುಕ್ಲಾ ವಾದಿಸಿದಂತೆ, ಉಷ್ಣವಲಯದ ಋತುಮಾನದ ಸರಾಸರಿ ಆರಂಭದ ಗಾಳಿಯ ಸ್ಥಿತಿಗಿಂತ ಹೆಚ್ಚಾಗಿ ಸಮುದ್ರದ ಮೇಲ್ಮೈ ಶಾಖ, ನೆಲದ ತೇವದಂಥ ನಿಧಾನವಾಗಿ ಬದಲಾಗುವ ಸಂಗತಿಗಳ ಹಿಡಿತದಲ್ಲಿದೆ. ಪೆಸಿಫಿಕ್ ಸಾಗರ ಬಿಸಿಯಾಗಿ ಎಲ್ ನಿನೊ ಬಂದರೆ ಅದು ತಿಂಗಳುಗಟ್ಟಲೆ ಉಳಿಯುತ್ತದೆ, ಮಳೆಯ ಸಾಧ್ಯತೆಗಳನ್ನು ಒಂದು ಕಡೆಗೆ ವಾಲಿಸುತ್ತದೆ. ವಾಲಿಸುತ್ತದೆ ಎಂದೆ, ನಿರ್ಧರಿಸುತ್ತದೆ ಎನ್ನಲಿಲ್ಲ. 2002ರಲ್ಲಿ ಮಾಮೂಲಿ ಮುಂಗಾರಿನ ಮುನ್ಸೂಚನೆ ಇತ್ತು, ಆದದ್ದು ಶೇಕಡಾ 19ರ ಕೊರತೆ. ನಮ್ಮ ರೈತರ ಮಳೆ ನಕ್ಷತ್ರಗಳ ಎಣಿಕೆಗೂ ಇದೇ ಬಗೆಯ ಗೌರವ ಸಲ್ಲಬೇಕು. ಆರಿದ್ರಾ ಮಳೆ ಜೂನ್ ಕೊನೆಯ ವಾರಕ್ಕೆ ಬರುತ್ತದೆ ಎಂಬುದು ಸೌರಮಾನದ ದಿನಾಂಕಕ್ಕೆ ಕಟ್ಟಿದ ತಲೆಮಾರುಗಳ ಸರಾಸರಿ, ಗಟ್ಟಿಯಾದ ತಿಳಿವಳಿಕೆ. ಈ ವರ್ಷದ ಆರಿದ್ರೆಯಲ್ಲಿ ನಮ್ಮೂರಿಗೆ ಎಷ್ಟು ಬೀಳುತ್ತದೆ ಎಂದು ಯುಗಾದಿಯ ದಿನ ಹೇಳುವುದು ಪೂರ್ತಿ ಬೇರೆ ದಾವೆ. ಮೊದಲನೆಯದರ ಮರ್ಯಾದೆಯನ್ನು ಎರಡನೆಯದಕ್ಕೆ ದಾಟಿಸಬಾರದು.

ಹಾಗಾದರೆ ಒಂದು ಮುನ್ಸೂಚನೆಯಲ್ಲಿ ತಿರುಳಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಸರಿಬಂದ ಸಲಗಳನ್ನು ಎಣಿಸಿದರೆ ಸಾಲದು. ಜುಲೈಯಲ್ಲಿ ಆಗುಂಬೆಗೆ ಮಳೆ, ಜನವರಿಯಲ್ಲಿ ಬೆಂಗಳೂರಿಗೆ ಮಳೆಯಿಲ್ಲ ಎಂದು ಯಾವ ಲೆಕ್ಕವನ್ನೂ ಮಾಡದೆ ಹೇಳಿದವರೂ ಹೆಚ್ಚಿನ ದಿನ ಗೆಲ್ಲುತ್ತಾರೆ. ಆ ಜಾಗದ ಆ ದಿನಾಂಕದ ಹಳೆಯ ಸರಾಸರಿಯನ್ನು ಹೇಳಿದ್ದಕ್ಕಿಂತ ಎಷ್ಟು ಚೆನ್ನಾಗಿ ಹೇಳಿತು ಎಂಬುದೇ ಮುನ್ಸೂಚನೆಗೆ ಹಿಡಿಯಬೇಕಾದ ಒರೆಗಲ್ಲು. ದೊಡ್ಡ ಕೇಂದ್ರಗಳು ತಮ್ಮನ್ನು ಹೀಗೆಯೇ ಅಳೆದುಕೊಳ್ಳುತ್ತವೆ, ಮತ್ತು ವಾರ ದಾಟಿದಂತೆ ಆ ಮೇಲುಗೈ ಸೊನ್ನೆಯತ್ತ ಜಾರುವುದನ್ನು ಮುಚ್ಚಿಡದೆ ಪ್ರಕಟಿಸುತ್ತವೆ. ಜಾರುವಿಕೆ ದಿನದಿಂದ ದಿನಕ್ಕೆ ಒಂದೇ ಸಮ ಇರುವುದಿಲ್ಲ. ಅದನ್ನು ಕಂಡುಕೊಳ್ಳಲೆಂದೇ ಯುರೋಪಿನ ಕೇಂದ್ರ 1992ರಿಂದ ಒಂದೇ ಲೆಕ್ಕವನ್ನು ಹಲವು ಸಲ ಓಡಿಸುತ್ತಿದೆ. ಅಲ್ಲಿ ಈಗ ಆರಂಭದ ಸ್ಥಿತಿಯನ್ನು ಅಳತೆಯ ತಪ್ಪಿನ ಮಿತಿಯೊಳಗೆ ಚೂರುಚೂರು ಬದಲಿಸಿ 50 ಓಟಗಳು ನಡೆಯುತ್ತವೆ, ಯಾವ ಬದಲಾವಣೆಯೂ ಇಲ್ಲದ ಓಟ ಇನ್ನೊಂದು. ನಾಲ್ಕನೇ ದಿನಕ್ಕೆ 50ರಲ್ಲಿ 45 ಓಟಗಳು ಮಳೆ ತೋರಿಸಿದರೆ ನಂಬಿ ಮುಂದುವರಿಯಬಹುದು, 30 ತೋರಿಸಿದರೆ ಸರಿಸುಮಾರು ಶೇಕಡಾ 60ರ ಸಾಧ್ಯತೆ ಎಂದು ಹೇಳಬಹುದು. ಹೀಗೆ ಶೇಕಡಾ 60 ಎಂದ ಹತ್ತು ದಿನಗಳಲ್ಲಿ ಸುಮಾರು ಆರು ದಿನ ಮಳೆ ಬಂದರೆ ಆ ಮುನ್ಸೂಚನೆ ಪ್ರಾಮಾಣಿಕ. ಮಳೆ ಬಾರದ ನಾಲ್ಕು ದಿನವನ್ನು ಹಿಡಿದು ಸುಳ್ಳಾಯಿತು ಎನ್ನುವವರು ಏನು ಹೇಳಲಾಗಿತ್ತು ಎಂಬುದನ್ನೇ ಕೇಳಿಸಿಕೊಂಡಿಲ್ಲ.

ಈ ಕಾರಣಕ್ಕೇ ಮೊಬೈಲಿನ ಆ್ಯಪ್‌ಗಳಲ್ಲಿ ಹದಿನಾಲ್ಕನೇ ದಿನದ ಮಧ್ಯಾಹ್ನ ಮೂರು ಗಂಟೆಗೆ ಒಂದು ಮೋಡ, ಎರಡು ಹನಿಗಳ ಚಿತ್ರ ಕಂಡಾಗ ನನಗೆ ಸಿಟ್ಟು ಬರುತ್ತದೆ. ನಾಳೆಯ ಚಿತ್ರಕ್ಕೂ ಅದಕ್ಕೂ ಬಣ್ಣದಲ್ಲಾಗಲಿ ಗಾತ್ರದಲ್ಲಾಗಲಿ ವ್ಯತ್ಯಾಸವಿಲ್ಲ, ಆದರೆ ಒಂದರ ಹಿಂದೆ ತಿಳಿವಳಿಕೆ ಇದೆ, ಇನ್ನೊಂದರ ಹಿಂದೆ ಬಹುಮಟ್ಟಿಗೆ ಇಲ್ಲ. ಅದನ್ನು ನಂಬಿ ಮದುವೆಯ ಚಪ್ಪರದ ದಿನ ಗೊತ್ತು ಮಾಡಿದವರಿಗೂ, ಮೆಣಸು ಒಣಗಿಸಲು ಹರಡಿದವರಿಗೂ ನಷ್ಟವಾದರೆ ಬೈಗುಳ ಬೀಳುವುದು ಹವಾಮಾನ ವಿಜ್ಞಾನಕ್ಕೆ. ಹವಾಮಾನ ಇಲಾಖೆಯ ಕೃಷಿ ಸಲಹಾ ಪ್ರಕಟಣೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಬರುತ್ತದೆ, ಐದು ದಿನದ ಮಳೆ, ತಾಪಮಾನ, ಗಾಳಿಯ ಮುನ್ಸೂಚನೆಯೊಂದಿಗೆ. ಐದಕ್ಕೇ ನಿಲ್ಲುವುದು ಅದರ ಕೊರತೆಯಲ್ಲ. ಕೊಯ್ಲು, ಔಷಧಿ ಸಿಂಪಡಣೆ, ಗೊಬ್ಬರ ಯಾವುದೇ ಇರಲಿ, ಹದಿನೈದು ದಿನದ ಒಂದು ಪಟ್ಟಿಯನ್ನು ಒಮ್ಮೆ ನೋಡಿ ನಿರ್ಧರಿಸುವ ಬದಲು, ಈ ಐದು ದಿನದ ಪ್ರಕಟಣೆಯನ್ನು ವಾರಕ್ಕೆ ಎರಡು ಸಲ ತಪ್ಪದೆ ಓದಿ ನಿರ್ಧರಿಸಿ.